ಕೇಬಲ್ಲಿಗೆ ಹಾಕಿದ ಟೋಪಿ



2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಚಂಡಮಾರುತ ನಿಮಗೆ ನೆನಪಿದ್ದೇ ಇರುತ್ತದೆ. 4ನೇ ತಾರೀಖು ಬೆಸೆಂಟ್ ನಗರದ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಮಾರನೆಯ ದಿನ ಒಂದು ಗಂಟೆ ಬಂದು ಮತ್ತೆ ಮಾಯವಾಯಿತು. ಆಗ ಅಕ್ಕನ ಮಗ ನಮ್ಮಲ್ಲಿದ್ದ. ಮೈಸೂರಿನಲ್ಲಿ ಅಕ್ಕ ಗಾಬರಿಯಿಂದ ಫೋನಿಗೆ ಕಾಯುತ್ತಿದ್ದಳು. ಹುಡುಗ ಚಾರ್ಜರ್ ತಂದಿದ್ದ, ಕೇಬಲ್ಲನ್ನು ಹಾಸ್ಟೆಲಿನಲ್ಲಿ ಮರೆತಿದ್ದ.

"ಅದಕ್ಕೇನೋ, ನನ್ನ ಹತ್ತಿರ ಇದೆ" ಎಂದು ಮೇಜಿನ ಡ್ರಾಯರಿನಿಂದ ಹಳೆಯ ಚಾರ್ಜರನ್ನೂ ಮೈಕ್ರೋ-ಯುಎಸ್‌ಬಿ ಕೇಬಲ್ಲನ್ನೂ ತೆಗೆದೆ. ಅದರ ತುದಿಗೆ ಉಗುರಿನಷ್ಟು ದೊಡ್ಡ ಅಡಾಪ್ಟರ್ ಸಿಕ್ಕಿಸಿದರೆ ಅವನ ಟೈಪ್-ಸಿ ಫೋನಿಗೆ ಸರಿಯಾಗಿ ಕೂರುತ್ತಿತ್ತು. ಒಂದು ಗಂಟೆಯ ಕೊನೆಗೆ ನೋಡಿದರೆ 9 ಶೇಕಡಾ ಇದ್ದದ್ದು 28 ಆಗಿತ್ತು, ಅಷ್ಟೆ. "ಮಾಮ, ಇದು ಕೇಬಲ್ಲಿಗೆ ಹಾಕಿದ ಟೋಪಿಯೋ, ನಮಗೆ ಹಾಕಿದ್ದೋ?" ಎಂದ ಹುಡುಗ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಿಮ್ಮ ಮನೆಯ ಡ್ರಾಯರಿನಲ್ಲೂ ಇಂಥವು ಇರುವುದರಿಂದ ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಊಟಕ್ಕೆ ಕೂತವರನ್ನು ಬಡಿಸುವವರು "ಎಷ್ಟು ಹಾಕಲಿ?" ಎಂದು ಕೇಳುತ್ತಾರಲ್ಲ, ಟೈಪ್-ಸಿಯಲ್ಲೂ ಹಾಗೆಯೇ. ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ತನ್ನ ಬಳಿ ಇನ್ನೇನೇನು ಇದೆ ಎಂದು ತಿಳಿಸುತ್ತದೆ. ಫೋನು ಕೇಳಿದರೆ 9 ವೋಲ್ಟಿಗೆ ಏರುತ್ತದೆ. ಈ ಮಾತುಕತೆಗೆಂದೇ ಸಿಸಿ ಎಂಬ ಪ್ರತ್ಯೇಕ ತಂತಿ ಇದೆ. ಹಳೆಯ ಮೈಕ್ರೋ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕೇ ತಂತಿ: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಅಡಾಪ್ಟರ್ ತುದಿಯ ಆಕಾರ ಬದಲಿಸಬಲ್ಲದೇ ಹೊರತು ಇಲ್ಲದ ತಂತಿಯನ್ನು ಹುಟ್ಟಿಸಲಾರದು. (ಕೆಲವು ಹಳೆಯ ಚಾರ್ಜರುಗಳು ಮಾಹಿತಿಯ ತಂತಿಯಲ್ಲೇ ಮಾತಾಡಿ ವೋಲ್ಟ್ ಏರಿಸುತ್ತಿದ್ದವು. ನನ್ನದು ಆ ಜಾತಿಯದಲ್ಲ.) ಹಾಗಾಗಿ ನಮ್ಮ ಫೋನು 5 ವೋಲ್ಟಿನಲ್ಲೇ ನಿಂತಿತು.

ಅಷ್ಟಾದರೂ ಚಾರ್ಜರಿನ ಮೇಲೆ 2 ಆಂಪಿಯರ್ ಎಂದಿತ್ತು, 10 ವಾಟ್ ಸಿಗಬೇಕಿತ್ತು. ಅದೂ ಏಕೆ ಸಿಗಲಿಲ್ಲ? ಕೇಬಲ್ಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ 28AWG ಎಂದಿತ್ತು. ಈ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 28ರ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಕೇಬಲ್ಲು ಒಂದೂವರೆ ಮೀಟರ್. ಕರೆಂಟು ಹೋಗಿ ಬರಬೇಕಾದ್ದರಿಂದ ಮೂರು ಮೀಟರ್, ಅಂದರೆ 0.63 ಓಮ್. 2 ಆಂಪಿಯರ್ ಹರಿದರೆ ದಾರಿಯಲ್ಲೇ 1.26 ವೋಲ್ಟ್ ಸೋರಿ ಫೋನಿಗೆ 3.7ರಷ್ಟು ಮಾತ್ರ ಮುಟ್ಟುತ್ತದೆ. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ. ವೋಲ್ಟ್ ಕುಸಿಯುವುದನ್ನು ಕಂಡು ಫೋನು ತಾನೇ ಕೈ ಹಿಂದೆಗೆದು 1 ಆಂಪಿಯರಿನ ಆಸುಪಾಸಿಗೆ ಇಳಿಯುತ್ತದೆ. ಎಂದರೆ ಸುಮಾರು ನಾಲ್ಕೂವರೆ ವಾಟ್. 5000 ಎಂಎಎಚ್ ಬ್ಯಾಟರಿಗೆ ಸುಮಾರು 19 ವಾಟ್-ಗಂಟೆ ಬೇಕು. ನಮ್ಮ 19 ಶೇಕಡಾ ಲೆಕ್ಕಕ್ಕೆ ಸರಿಯಾಗಿಯೇ ಇತ್ತು!

ಮಳೆ ನಿಂತ ಮೇಲೆ ರಿಚಿ ಸ್ಟ್ರೀಟಿನಿಂದ ಎರಡೂ ತುದಿ ಟೈಪ್-ಸಿ ಇರುವ 3 ಆಂಪಿಯರಿನ ಕೇಬಲ್ ತಂದೆ. ಅವನದೇ 25 ವಾಟಿನ ಚಾರ್ಜರಿಗೆ ಹಾಕಿದಾಗ ಅದೇ ಫೋನು ಗಂಟೆಯಲ್ಲಿ 70 ಶೇಕಡಾ ದಾಟಿತು.

ಹಾಗಾದರೆ ಅಡಾಪ್ಟರೇ ಬೇಡವೇ? ಬೇಕು, ಆದರೆ ಟೋಪಿ ಯಾರ ತಲೆಗೆ ಎಂಬುದು ಮುಖ್ಯ. ನನ್ನ ಹಳೆಯ ಬ್ಲೂಟೂತ್ ಸ್ಪೀಕರಿನದು ಮೈಕ್ರೋ ಕಿಂಡಿ. ಅದು ತೆಗೆದುಕೊಳ್ಳುವುದೇ 5 ವೋಲ್ಟ್, 1 ಆಂಪಿಯರ್. ಹೊಸ ಟೈಪ್-ಸಿ ಕೇಬಲ್ಲಿನ ತುದಿಗೆ ಮೈಕ್ರೋ ಅಡಾಪ್ಟರ್ ಹಾಕಿ ಅದಕ್ಕೆ ಕೊಟ್ಟರೆ ವೇಗದಲ್ಲಿ ಏನೂ ನಷ್ಟವಿಲ್ಲ. ಒಂದೇ ಎಚ್ಚರ: ಆ ಅಡಾಪ್ಟರಿನೊಳಗೆ 5.1 ಕಿಲೋ ಓಮಿನ ಒಂದು ರೆಸಿಸ್ಟರ್ ಇರಬೇಕು. ಅದನ್ನು ಕಂಡೇ ಚಾರ್ಜರ್ "ಯಾರೋ ಕೂತಿದ್ದಾರೆ" ಎಂದು ತಿಳಿಯುವುದು. ಅದಿಲ್ಲದ ಅಗ್ಗದ ಮಾಲಿನಲ್ಲಿ ಚಾರ್ಜ್ ನಿಧಾನವಾಗುವುದಿಲ್ಲ, ಆಗುವುದೇ ಇಲ್ಲ. ಅಂಗಡಿಯಲ್ಲೇ ಹಾಕಿ ನೋಡಿ ಕೊಳ್ಳಿ.

ಐಫೋನಿನವರು ಮುನಿಸಿಕೊಳ್ಳಬೇಡಿ, ನಿಮ್ಮದೂ ಇದೆ. 2012ರಲ್ಲಿ ಐಫೋನ್ 5ರ ಜೊತೆ ಬಂದ ಲೈಟ್ನಿಂಗ್ 2023ರ ಐಫೋನ್ 15ರಲ್ಲಿ ಟೈಪ್-ಸಿಗೆ ಜಾಗ ಬಿಟ್ಟಿತು. ಆದರೆ ಲೈಟ್ನಿಂಗ್ ಎಂದಾಕ್ಷಣ ನಿಧಾನ ಎಂದಲ್ಲ, ಕೇಬಲ್ಲಿನ ಇನ್ನೊಂದು ತುದಿ ನೋಡಿ. ಅದು ಹಳೆಯ ಅಗಲ ಯುಎಸ್‌ಬಿ-ಎ ಆದರೆ ಹೆಚ್ಚೆಂದರೆ 12 ವಾಟ್. ಟೈಪ್-ಸಿ ಆದರೆ ಮಾತುಕತೆ ನಡೆಯುತ್ತದೆ, 20 ವಾಟಿನ ಚಾರ್ಜರಿನಲ್ಲಿ ಅರ್ಧ ಗಂಟೆಗೆ ಅರ್ಧ ತುಂಬುತ್ತದೆ. ನನ್ನ ಹೆಂಡತಿಯ ಐಫೋನ್ 13ಕ್ಕೆ ಅಂಥ ಕೇಬಲ್ಲನ್ನೇ ಕೊಂಡೆ. ಟೈಪ್-ಸಿ ಕೇಬಲ್ಲಿಗೆ ಸಿಕ್ಕಿಸುವ ಲೈಟ್ನಿಂಗ್ ತುದಿಗಳೂ ಸಿಗುತ್ತವೆ. ಕೆಲವು ಆ ಮಾತನ್ನು ದಾಟಿಸುತ್ತವೆ, ಕೆಲವು 5 ವೋಲ್ಟಿನಲ್ಲೇ ನಿಲ್ಲುತ್ತವೆ, ಹೊರಗಿನಿಂದ ಗುರುತು ಹತ್ತುವುದಿಲ್ಲ. ಪರದೆಯೇ ಹೇಳಬೇಕು: ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ Charging slowly ಎಂದೋ Charging rapidly ಎಂದೋ ಬರುತ್ತದೆ. ಐಓಎಸ್ 18ರಿಂದೀಚೆಗೆ ಐಫೋನಿನ Settings ಒಳಗಿನ Battery ಪುಟದಲ್ಲಿ Slow Charger ಎಂದು ತೋರುತ್ತದೆ.

ಹುಡುಗ ಈಗ ಬಂದಾಗಲೆಲ್ಲ ಮೊದಲು ನನ್ನ ಡ್ರಾಯರ್ ತೆಗೆದು ನೋಡುತ್ತಾನೆ. 28AWG ಎಂದಿದ್ದ ಮೂರು ಕೇಬಲ್ಲುಗಳನ್ನು ಹೋದ ಸಲ ನನಗೆ ಹೇಳದೆಯೇ ಕಸಕ್ಕೆ ಹಾಕಿದ್ದಾನೆ.