ಬೆಂಕಿಪೊಟ್ಟಣದ ಗೀರುವ ಬದಿ

ಘರ್ಷಣೆಯ ಪಾಠವನ್ನು ಏಳನೆಯ ತರಗತಿಯಲ್ಲಿ ಹೇಳುವಾಗ ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನೂ ಮಳೆಗಾಲದ ಪಾಚಿಗಟ್ಟಿದ ಅಂಗಳವನ್ನೂ ನೆನಪಿಸಿ ಮುಂದೆ ಸಾಗುವುದು ಹಲವು ಅಧ್ಯಾಪಕರ ರೂಢಿ. ಗ್ರಾಮಾಂತರ ಶಾಲೆಯೊಂದರ ವಿಜ್ಞಾನದ ಅಧ್ಯಾಪಕರೊಬ್ಬರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಘರ್ಷಣೆಯನ್ನು ಮಕ್ಕಳು ಅಳೆಯಬೇಕೆಂದು ಅವರ ಇಚ್ಛೆ. ಆದರೆ ಶಾಲೆಯಲ್ಲಿದ್ದ ಒಂದೇ ಸ್ಪ್ರಿಂಗ್ ತಕ್ಕಡಿ ತುಕ್ಕು ಹಿಡಿದಿತ್ತು. ಕೊನೆಗೆ ಅವರು ಆಯ್ದುಕೊಂಡ ಸಾಮಗ್ರಿಗಳು ಇಷ್ಟೆ: ಅರವತ್ತು ಸೆಂಟಿಮೀಟರ್ ಉದ್ದದ ನುಣುಪಾದ ಮರದ ಹಲಗೆ, ಕಡ್ಡಿ ತೆಗೆದ ಬೆಂಕಿಪೊಟ್ಟಣ, ಒಂದು ಹಿಡಿ ಒಣ ಮರಳು, ಅಳತೆಪಟ್ಟಿ, ಒಂದು ಇಟ್ಟಿಗೆ.

ವಿಧಾನವೂ ಸರಳವಾದುದೇ. ಹಲಗೆಯ ಒಂದು ತುದಿ ಹಿಂದೆ ಸರಿಯದಂತೆ ಅದಕ್ಕೆ ಇಟ್ಟಿಗೆಯನ್ನು ಒತ್ತಾಗಿ ಇಡಬೇಕು. ಇನ್ನೊಂದು ತುದಿಯ ಬಳಿ ಮರಳು ತುಂಬಿದ ಪೊಟ್ಟಣವನ್ನಿಟ್ಟು, ಆ ತುದಿಯನ್ನು ಮೆಲ್ಲಮೆಲ್ಲನೆ ಎತ್ತಬೇಕು. ಪೊಟ್ಟಣ ಜಾರಿದೊಡನೆ ಕೈಯನ್ನು ಅಲ್ಲಿಯೇ ನಿಲ್ಲಿಸಿ, ಎತ್ತಿದ ತುದಿ ನೆಲದಿಂದ ಎಷ್ಟು ಮೇಲಿದೆಯೆಂದು ಅಳೆಯಬೇಕು. ಎತ್ತರ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು. ನಾಲ್ವರಿಗೊಂದು ತಂಡ: ಒಬ್ಬರು ಎತ್ತುವವರು, ಒಬ್ಬರು ಪೊಟ್ಟಣವನ್ನೇ ನೋಡುತ್ತಿರುವವರು, ಒಬ್ಬರು ಅಳೆಯುವವರು, ಒಬ್ಬರು ಬರೆಯುವವರು. ಎತ್ತುವವನೇ ಅಳೆಯಲು ಹೊರಟರೆ ಕೈ ಅಲುಗುತ್ತದೆ, ಲೆಕ್ಕ ಕೆಡುತ್ತದೆ.

ಮೊದಲ ತಂಡಕ್ಕೆ ಐದು ಸಲದಲ್ಲಿ 20, 19, 24, 20, 21 ಸೆಂಟಿಮೀಟರ್ ಬಂದವು. "ಇದರಲ್ಲಿ ಯಾವುದು ಸರಿ, ಸರ್?" ಎಂದು ಒಬ್ಬ ಹುಡುಗ ಕೇಳಿದ. ಅಧ್ಯಾಪಕರು ಉತ್ತರ ಕೊಡದೆ, "24 ಬಂದಾಗ ಏನಾಗಿತ್ತು, ನೆನಪು ಮಾಡಿಕೊಳ್ಳಿರಿ" ಎಂದರು. ಆ ಸಲ ಪೊಟ್ಟಣವನ್ನು ಇಡುವಾಗ ಒಬ್ಬನು ಬೆರಳಿನಿಂದ ಬಲವಾಗಿ ಒತ್ತಿದ್ದನಂತೆ. ಬೆವರಿದ ಕೈ ಹಲಗೆಗೂ ತಗುಲಿತ್ತಂತೆ. ಐದನ್ನೂ ಏರಿಕೆಯಲ್ಲಿ ಬರೆದು ನಡುವಿನದನ್ನು ಹಿಡಿಯುವುದೆಂದು ನಿರ್ಧಾರವಾಯಿತು, 20 ದೊರೆಯಿತು. ಆ ಎತ್ತರದಲ್ಲಿ ಹಲಗೆಯ ಅಡಿಯ ನೆಲದ ಉದ್ದ ಸುಮಾರು ಐವತ್ತಾರೂವರೆ ಸೆಂಟಿಮೀಟರ್. ಇಪ್ಪತ್ತನ್ನು ಅದರಿಂದ ಭಾಗಿಸಿದರೆ 0.35 ಬರುತ್ತದೆ. ದೊಡ್ಡ ತರಗತಿಗಳಲ್ಲಿ ಘರ್ಷಣ ಗುಣಾಂಕವೆಂದು ಕರೆಯುವುದು ಇದನ್ನೇ. ಏಳನೆಯವರಿಗೆ ಆ ಹೆಸರು ಬೇಕಿಲ್ಲ, ಎತ್ತರವೊಂದೇ ಸಾಕು.

ಅನಂತರ ಪ್ರಶ್ನೆ ಬಂದಿತು: "ಅರ್ಧ ಮರಳು ತುಂಬಿದ ಪೊಟ್ಟಣ, ಪೂರ್ತಿ ತುಂಬಿದ ಪೊಟ್ಟಣ. ಎರಡರಲ್ಲಿ ಯಾವುದು ಮೊದಲು ಜಾರುತ್ತದೆ?" ಪ್ರಯೋಗಕ್ಕೆ ಮುನ್ನವೇ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಡಬೇಕೆಂಬುದು ಅವರ ಕಟ್ಟುನಿಟ್ಟು. ಬರೆಯದ ಊಹೆಯನ್ನು ಫಲಿತಾಂಶ ಕಂಡೊಡನೆ ಬದಲಾಯಿಸಿಕೊಳ್ಳುವುದು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಸುಲಭ. ಭಾರವಾದುದು ಮೊದಲು ಜಾರುವುದೆಂದು ಕೆಲವರು, ಭಾರವಾದುದು ಕಚ್ಚಿ ನಿಲ್ಲುವುದೆಂದು ಕೆಲವರು ಬರೆದರು. ಎರಡೂ ಇಪ್ಪತ್ತರ ಆಸುಪಾಸಿನಲ್ಲಿಯೇ ಜಾರಿದವು. ತೂಕ ಇಮ್ಮಡಿಸಿದರೆ ಇಳಿಜಾರಿನಲ್ಲಿ ಕೆಳಕ್ಕೆ ಎಳೆಯುವ ಬಲವೂ ಇಮ್ಮಡಿಸುತ್ತದೆ, ಹಲಗೆಯನ್ನು ಒತ್ತುವ ಬಲವೂ ಇಮ್ಮಡಿಸುತ್ತದೆ. ಒತ್ತಡದ ಜೊತೆಗೆ ಘರ್ಷಣೆಯೂ ಅಷ್ಟೇ ಏರುತ್ತದೆ. ಆದಕಾರಣ ಗೆಲುವು ಯಾರಿಗೂ ಇಲ್ಲ. ಒಂದು ತಂಡಕ್ಕೆ ಮಾತ್ರ 13 ಬಂದಿತ್ತು. ಪೊಟ್ಟಣದ ಸಂದಿಯಿಂದ ಸೋರಿದ ಮರಳಿನ ಕಣಗಳು ಅದರ ಅಡಿಯಲ್ಲಿ ಉರುಳುತ್ತಿದ್ದುವು. ಒಳಗೆ ಕಾಗದ ಹಾಸಿ ಮರಳು ತುಂಬಿದ ಮೇಲೆ ಆ ತೊಂದರೆ ತಪ್ಪಿತು.

ನಿಜವಾದ ಕಗ್ಗಂಟು ಮೂರನೆಯ ಪ್ರಶ್ನೆಯಲ್ಲಿತ್ತು. ಪೊಟ್ಟಣವನ್ನು ಮಲಗಿಸಿದಾಗ ಹಲಗೆಗೆ ತಾಗುವ ಬದಿ ಸುಮಾರು ಐದು ಸೆಂಟಿಮೀಟರ್ ಉದ್ದ, ಮೂರೂವರೆ ಅಗಲ. ಪಕ್ಕಕ್ಕೆ ನಿಲ್ಲಿಸಿದರೆ ಅಗಲ ಒಂದೂವರೆ ಮಾತ್ರ. ತಾಗುವ ಜಾಗ ಅರ್ಧಕ್ಕಿಂತ ಕಡಿಮೆಯಾದರೆ ಘರ್ಷಣೆಯೂ ಕಡಿಮೆಯಾಗುವುದೇ? ತಾಗುವ ವಿಸ್ತೀರ್ಣಕ್ಕೂ ಘರ್ಷಣೆಗೂ ಸಂಬಂಧವಿಲ್ಲವೆಂದು ಅಧ್ಯಾಪಕರು ಹಿಂದಿನ ದಿನವೇ ಹಲಗೆಯ ಮೇಲೆ ಬರೆಸಿದ್ದರು. ಅದು ಹಳೆಯ ನಿಯಮ. ಫ್ರಾನ್ಸಿನ ಅಮೋಂತೋಂ ಎಂಬವನು 1699ರಲ್ಲಿ ಅದನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟಾಗ ಅಲ್ಲಿಯ ವಿದ್ವಾಂಸರೇ ಒಡನೆ ನಂಬಲಿಲ್ಲ.

ಹಿಂದಿನ ಸಾಲಿನ ಒಬ್ಬ ಹುಡುಗಿಗೆ ಐದು ಸಲವೂ 28, 29, 30ರ ಸುತ್ತಲೇ ಬಂದಿತು. ಜಾಗ ಕಡಿಮೆಯಾಗಿದೆ, ಘರ್ಷಣೆ ಹೆಚ್ಚಾಗಿದೆ! ಇತರ ತಂಡಗಳು ನಿಯಮಕ್ಕೆ ಹೊಂದುವಂತೆ 20 ಎಂದೇ ಬರೆದಿದ್ದುವು. ಅವಳು ಬರೆದಿರಲಿಲ್ಲ. "ಸರ್, ನೀವು ಬರೆಸಿದ್ದು ನನ್ನ ಪೊಟ್ಟಣಕ್ಕೆ ಹೊಂದುವುದಿಲ್ಲ" ಎಂದಳು. ಅಧ್ಯಾಪಕರು ಕ್ಷಣಕಾಲ ಸಿಡುಕಿದರು. "ಸರಿಯಾಗಿ ಎತ್ತಮ್ಮಾ, ಇನ್ನೊಮ್ಮೆ ಮಾಡು" ಎಂದರು. ಮತ್ತೆ 29. ಬಳಿಕ ತಾವೇ ಕುಳಿತು ಎತ್ತಿದರು. ಅವರ ಕೈಗೂ 29. ಉಳಿದವರ ಪುಸ್ತಕಗಳಲ್ಲಿದ್ದ ಇಪ್ಪತ್ತು ಎಲ್ಲಿಂದ ಬಂದಿತೆಂಬುದು ಆಗ ಅವರಿಗೆ ಹೊಳೆಯಿತು. ಅದು ಅವರಿಗೆ ನೋವನ್ನೇ ತಂದಿರಬೇಕು. ಹೀಗೆ ಬರೆಯಲು ಕಲಿಸಿದವರು ತಾವೇ ಅಲ್ಲವೇ?

ಅವರು ಪೊಟ್ಟಣವನ್ನು ಅವಳ ಕೈಗಿತ್ತು ಕೇಳಿದರು: "ಮಲಗಿಸಿದಾಗಲೂ ನಿಲ್ಲಿಸಿದಾಗಲೂ ಬದಲಾದದ್ದು ಜಾಗ ಒಂದೇ ಏನು? ಬೆರಳಿನಿಂದ ಮುಟ್ಟಿ ನೋಡು." ಅವಳು ಎರಡೂ ಬದಿಗಳನ್ನು ಸವರಿದಳು. ಪಕ್ಕದ ಬದಿ ಕಡ್ಡಿ ಗೀರುವ ಬದಿ. ಗಾಜಿನ ಪುಡಿ ಬೆರೆತ ಮದ್ದು ಬಳಿದ, ತರಿತರಿಯಾದ ಪಟ್ಟಿ. ಬದಲಾದದ್ದು ಜಾಗ ಮಾತ್ರವಲ್ಲ, ಮೈಯೂ ಬದಲಾಗಿತ್ತು. "ಹಾಗಾದರೆ ಜಾಗವೊಂದೇ ಬದಲಾಗಬೇಕಾದರೆ ಏನು ಮಾಡಬೇಕು?" ಎಂಬ ಮುಂದಿನ ಪ್ರಶ್ನೆಗೆ ಉತ್ತರವನ್ನು ಅವಳೇ ಕೊಟ್ಟಳು. ನೋಟುಬುಕ್ಕಿನ ಹಾಳೆಯಿಂದ ಪೊಟ್ಟಣದ ನಾಲ್ಕೂ ಬದಿಗಳನ್ನು ಸುತ್ತಿ, ಹಾಳೆಯ ತುದಿಗಳನ್ನು ಉಪಯೋಗಿಸದ ಕಿರಿಯ ಮುಖಗಳ ಮೇಲೆ ಮಡಿಸಿ ಅಂಟಿಸಿದಳು. ಮಲಗಿಸಿದಾಗ 21, ನಿಲ್ಲಿಸಿದಾಗ 21. ನಿಲ್ಲಿಸುವಾಗ ಪೊಟ್ಟಣದ ಉದ್ದವನ್ನು ಇಳಿಜಾರಿನ ದಿಕ್ಕಿಗೆ ಇಡಬೇಕು. ಅಡ್ಡವಾಗಿಟ್ಟರೆ ಅದು ಜಾರುವ ಮೊದಲೇ ಉರುಳಿಬೀಳಬಹುದು. ಉರುಳಿದ್ದನ್ನು ಜಾರಿದ್ದೆಂದು ಬರೆದ ತಂಡವೂ ಒಂದಿತ್ತು.

ಜಾಗ ಅರ್ಧವಾದರೂ ಘರ್ಷಣೆ ಅಷ್ಟೇ ಏಕೆ? ನುಣುಪೆಂದು ಕಾಣುವ ಮೈಯೂ ಸೂಕ್ಷ್ಮವಾಗಿ ನೋಡಿದರೆ ಬೆಟ್ಟಸಾಲಿನಂತಿದೆ. ಎರಡು ಮೈಗಳು ಕೂಡುವುದು ಶಿಖರಗಳ ತುದಿಯಲ್ಲಿ ಮಾತ್ರ. ಜಾಗ ಕಿರಿದಾದರೆ ಶಿಖರಗಳು ಕಡಿಮೆ. ಆದರೆ ಒಂದೊಂದರ ಮೇಲೂ ಬೀಳುವ ಭಾರ ಹೆಚ್ಚು, ಆದ್ದರಿಂದ ಅವು ಹೆಚ್ಚು ಚಪ್ಪಟೆಯಾಗುತ್ತವೆ. ನಿಜವಾಗಿ ತಾಗುವ ಜಾಗ ಒಟ್ಟಿನಲ್ಲಿ ಅಷ್ಟೇ ಉಳಿಯುತ್ತದೆ. ಹವಾಯಿ ಚಪ್ಪಲಿಯ ರಬ್ಬರಿನಂಥ ಮೆತ್ತನೆಯ ವಸ್ತು ಈ ನಿಯಮಕ್ಕೆ ಚೆನ್ನಾಗಿ ಬಗ್ಗುವುದಿಲ್ಲ. ಆದಕಾರಣ ಮೊದಲ ದಿನ ಅದನ್ನು ತರಗತಿಗೆ ತರದಿರುವುದೇ ಲೇಸು.

ಮರುವಾರ ಗೋಣಿಯ ತುಂಡು, ಸಾಸಿವೆಕಾಳು, ಕೊಬ್ಬರಿ ಎಣ್ಣೆ ಬಂದವು. ಗೋಣಿಯ ಮೇಲೆ ಎತ್ತರ ಏರಿತು. ಸಾಸಿವೆಯ ಮೇಲೆ ಹಲಗೆಯನ್ನು ತುಸು ಎತ್ತುವುದರೊಳಗೆ ಪೊಟ್ಟಣ ಹೊರಟುಹೋಯಿತು. ಎಣ್ಣೆಯ ಸರದಿಯನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು, ಏಕೆಂದರೆ ಎಣ್ಣೆ ಕುಡಿದ ಹಲಗೆ ಮತ್ತೆ ಮೊದಲಿನ ಅಂಕಿ ಕೊಡುವುದಿಲ್ಲ. ಎಲ್ಲರ ಊಹೆಯೂ ಥಟ್ಟನೆ ಜಾರುವುದೆಂದೇ ಇತ್ತು. ಆದರೆ ಹಗುರವಾದ ಪೊಟ್ಟಣವನ್ನು ಎಣ್ಣೆಯ ಅಂಟು ಹಿಡಿದುಕೊಂಡಿತು. ಅದು ಥಟ್ಟನೆ ಹೊರಡದೆ ಬಸವನ ಹುಳದಂತೆ ತೆವಳಿತು. ಬರೆಯುವ ಸರದಿ ಅದೇ ಹುಡುಗಿಯದು. ಪೆನ್ಸಿಲನ್ನು ಹಿಡಿದು ಕಾದು ಕುಳಿತವಳು ಕೇಳಿದಳು: "ಜಾರಿತು ಎಂದು ಯಾವಾಗ ಬರೆಯಲಿ, ಸರ್?"