ಎರಡು ಬೆಲೆಯ ಕಾಫಿಪುಡಿ

ಹಾಸನದಲ್ಲಿ ನನ್ನ ತಮ್ಮನದೊಂದು ಕಾಫಿಪುಡಿ ಅಂಗಡಿ. ಊರು ಬಿಟ್ಟು ಹೋದ ಗಿರಾಕಿಗಳೂ ಪುಡಿ ತರಿಸಿಕೊಳ್ಳಲೆಂದು ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್ ಬಳಸಿ ಒಂದು ಜಾಲತಾಣವನ್ನು ನಾನೇ ಕಟ್ಟಿಕೊಟ್ಟಿದ್ದೆ. ಬೀಜದ ಬೆಲೆ ಏರಿದಾಗಲೆಲ್ಲ ತಮ್ಮ ಫೋನ್ ಮಾಡುವುದು, ನಾನು ಬೆಂಗಳೂರಿನಲ್ಲಿ ಕೂತು ಅಂಕಿ ತಿದ್ದುವುದು. ಇಬ್ಬರಿಗೂ ಸಾಕಾಗಿ, 2023ರಲ್ಲಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗನಿಗೇ ಈ ಕೆಲಸ ಕಲಿಸುವುದೆಂದು ತೀರ್ಮಾನಿಸಿದೆವು. ಪಿ.ಯು.ಸಿ. ಮುಗಿಸಿದ್ದ, ಚುರುಕಾಗಿದ್ದ.

ಮೊದಲ ತಪ್ಪು ನನ್ನದೇ. ಸೋಮಾರಿತನದಿಂದ ನನ್ನ ಪಾಸ್‌ವರ್ಡನ್ನೇ ಅವನಿಗೆ ಕೊಟ್ಟೆ. ‘ಬೆಲೆ ಬದಲಾಯಿಸಿದ ಮೇಲೆ `Update` ಒತ್ತು’ ಎಂದಷ್ಟೇ ಹೇಳಿದೆ. ಹುಡುಗ ಬೆಲೆ ತಿದ್ದಿದ. ಪುಟದ ನೆತ್ತಿಯಲ್ಲಿ `Please update now` ಎಂದು ಕಂಡಿತು. ಮೇಷ್ಟ್ರು ಹೇಳಿದ್ದು ಇದನ್ನೇ ಎಂದು ಒತ್ತಿಬಿಟ್ಟ. ಬೆಲೆ ಉಳಿಸುವ `Update` ಬೇರೆ, ಇಡೀ ತಂತ್ರಾಂಶವನ್ನೇ ಹೊಸದಾಗಿಸುವ ಈ `update` ಬೇರೆ ಎಂದು ಅವನಿಗೆ ಹೇಳಿದವರಾರು? ಅಲ್ಲಿದ್ದ ಹಳೆಯ ಪ್ಲಗಿನ್ ಒಂದು ಹೊಸ ತಂತ್ರಾಂಶಕ್ಕೆ ಹೊಂದದೆ, ಹಣ ಕಟ್ಟುವ ಪುಟ ಬೆಳ್ಳಗೆ ಕೂತಿತು. ಸರಿಪಡಿಸಲು ನನಗೆ ಅರ್ಧ ದಿನ ಹಿಡಿಯಿತು.

ಆಮೇಲೆ ಅವನಿಗೆಂದೇ ಬೇರೆ ಖಾತೆ ತೆರೆದು `Shop manager` ಎಂಬ ಅಧಿಕಾರ ಕೊಟ್ಟೆ. ಈ ಖಾತೆಯಿಂದ ಬೆಲೆ ತಿದ್ದಬಹುದು, ರಜೆಯ ಪ್ರಕಟಣೆ ಬರೆಯಬಹುದು. ಪ್ಲಗಿನ್ ಹಾಕುವುದು, ತಂತ್ರಾಂಶ ಬದಲಿಸುವುದು ಸಾಧ್ಯವಿಲ್ಲ. ಹಾಗೆಂದು ಇದು ಪೂರಾ ಭದ್ರ ಬೇಲಿಯೇನಲ್ಲ. ವೂಕಾಮರ್ಸಿನ `Settings` ಅದಕ್ಕೂ ತೆರೆದೇ ಇರುತ್ತದೆ. ಅಲ್ಲಿಗೆ ಹೋಗಬೇಡವೆಂದು ಬಾಯಲ್ಲೇ ಹೇಳಬೇಕಾಯಿತು. ಅಭ್ಯಾಸಕ್ಕೆಂದು ‘ಮರಳುಪುಡಿ, 10 ರೂಪಾಯಿ’ ಎಂಬ ಸರಕನ್ನು ಸೃಷ್ಟಿಸಿ, ಗಿರಾಕಿಗಳಿಗೆ ಕಾಣದಂತೆ `Private` ಎಂದು ಇಟ್ಟೆ. ಒಂದು ವಾರ ಹುಡುಗ ಮರಳಿನ ಬೆಲೆ ಏರಿಸಿ ಇಳಿಸಿ ಕೈ ಪಳಗಿಸಿಕೊಂಡ.

ನಿಜವಾದ ಪೆಟ್ಟು ಬಿದ್ದದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ. ಅರ್ಧ ಕಿಲೋ ಪೊಟ್ಟಣದ ಬೆಲೆ 320 ರೂಪಾಯಿ ಇತ್ತು; 350 ಮಾಡಲು ತಮ್ಮ ಹೇಳಿದ. ಹುಡುಗ `Regular price` ಎಂಬಲ್ಲಿ 350 ಎಂದು ಬರೆದು `Update` ಒತ್ತಿದ. ಪರದೆಯ ಮೇಲೆ 350 ಎಂದೇ ಇತ್ತು. ನಾಲ್ಕು ದಿನದಲ್ಲಿ ಹನ್ನೊಂದು ಪೊಟ್ಟಣ ಹೋದವು, ಎಲ್ಲವೂ 290ಕ್ಕೆ! ಅದರ ಕೆಳಗಿನ `Sale price` ಮನೆಯಲ್ಲಿ ಹಬ್ಬದ ರಿಯಾಯಿತಿ ದರ ಹಾಗೆಯೇ ಕೂತಿತ್ತು. ಅದು ಇರುವತನಕ ಗಿರಾಕಿ ಕೊಡುವುದು ಅದನ್ನೇ. ಮೇಲಿನ ಬೆಲೆ ಅಡ್ಡಗೆರೆ ಹೊಡೆಸಿಕೊಂಡು ಪಕ್ಕದಲ್ಲಿ ನಿಂತಿರುತ್ತದೆ, ಅಷ್ಟೆ.

ತಮ್ಮ ಲೆಕ್ಕ ಹಾಕಿದ: ಪೊಟ್ಟಣಕ್ಕೆ ಅರವತ್ತರಂತೆ 660 ರೂಪಾಯಿ. ‘ಅವನ ಸಂಬಳದಲ್ಲೇ ಹಿಡಿಯುತ್ತೇನೆ’ ಎಂದ. ಆ ರಿಯಾಯಿತಿ ದರ ಹಾಕಿದವನು ಯಾರು ಎಂದು ಕೇಳಿದೆ. ನಾನೇ! ಪಕ್ಕದಲ್ಲೇ `Schedule` ಎಂಬುದಿತ್ತು. ಅದನ್ನು ಒತ್ತಿ ಮುಗಿಯುವ ತಾರೀಖು ಕೊಟ್ಟಿದ್ದರೆ ರಿಯಾಯಿತಿ ತಾನಾಗಿ ಇಳಿದುಹೋಗುತ್ತಿತ್ತು. ದುಡ್ಡು ನಾನು ಕಳಿಸಿದೆ. ತಮ್ಮ ಎರಡು ದಿನ ಮಾತಾಡಲಿಲ್ಲ, ಅದಿರಲಿ.

ಹುಡುಗನ ತಪ್ಪೂ ಒಂದಿತ್ತು. ತಾನು ಬರೆದ ಪುಟದಲ್ಲೇ ನೋಡಿ ಸರಿಯಿದೆ ಎಂದುಕೊಂಡಿದ್ದ. ಈಗ ಬೆಲೆ ತಿದ್ದಿದ ಮೇಲೆ ತನ್ನ ಮೊಬೈಲಿನಲ್ಲಿ, ಖಾತೆಗೆ ಒಳಹೋಗದೆ, ಗಿರಾಕಿಯಂತೆ ಪುಟ ತೆರೆದು ಒಂದು ಪೊಟ್ಟಣವನ್ನು ಬುಟ್ಟಿಗೆ ಹಾಕಿ ಒಟ್ಟು ಮೊತ್ತ ನೋಡುತ್ತಾನೆ.

ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ ಕೊಡಿಸಿದೆ. ಕಂಪ್ಯೂಟರಿಗೆ ನೋಟ್‌ಬುಕ್ ಏಕೆಂದು ತಮ್ಮ ನಕ್ಕ. ಕಾರಣವಿದೆ. ರಜೆಯ ಪ್ರಕಟಣೆಯನ್ನು ಹುಡುಗ ಕೆಡಿಸಿದರೆ `Revisions` ಎಂಬಲ್ಲಿ ಹಳೆಯ ಬರಹ ಸಿಗುತ್ತದೆ, ಒಂದು ಗುಂಡಿಯಲ್ಲಿ ಹಿಂದಕ್ಕೆ ತರಬಹುದು. ವೂಕಾಮರ್ಸಿನ ಬೆಲೆಗೆ ಈ ಸೌಕರ್ಯವನ್ನು ಬೇರೆ ಹಾಕಿಕೊಳ್ಳದಿದ್ದರೆ ಇರುವುದಿಲ್ಲ. 320ರ ಮೇಲೆ 350 ಬರೆದರೆ 320 ಹೋಯಿತೆಂದೇ ಲೆಕ್ಕ. ಆದ್ದರಿಂದ ಕೈ ಹಾಕುವ ಮುನ್ನ ತಾರೀಖು, ಸರಕು, ಹಳೆಯ ಬೆಲೆಗಳೆರಡೂ, ಹೊಸ ಬೆಲೆಗಳೆರಡೂ ನೋಟ್‌ಬುಕ್ಕಿನಲ್ಲಿ ಬೀಳಬೇಕು. ರಿಯಾಯಿತಿ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಬೇಕು. ಹಾಗೆ ಬರೆಯಲಾದರೂ ಆ ಮನೆಯ ಕಡೆ ಕಣ್ಣು ಹಾಯಿಸಬೇಕಲ್ಲ!

ಕೆಲವು ತಿಂಗಳ ನಂತರ ಹುಡುಗನೇ ಫೋನ್ ಮಾಡಿದ. ‘ಅಣ್ಣಾ, ಮೇಲೆ ಮತ್ತೆ ಹೊಸದು ಬಂದಿದೆ ಅಂತ ತೋರಿಸ್ತಿದೆ. ಈ ಸಲ `Please notify the site administrator` ಅಂತಿದೆ. ಹಂಗಂದ್ರೆ ನೀವೇ ತಾನೆ?’

‘ಹೌದಪ್ಪ, ನಾನೇ.’

‘ಸರಿ. ತಿಳಿಸಿದೀನಿ’ ಎಂದು ಫೋನ್ ಇಟ್ಟ.