‘ಸ್ಪಷ್ಟವಾಗಿಲ್ಲ’ ಅಂದರೆ ಏನು ಬದಲಿಸಬೇಕು?

ಹೋದ ವರ್ಷ ಪತ್ರಿಕೋದ್ಯಮದ ವಿದ್ಯಾರ್ಥಿಗಳ ಲೇಖನಗಳನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಹುಡುಗಿ ತನ್ನೂರಿನ ನೀರಿನ ಬಗ್ಗೆ ಬರೆದಿದ್ದಳು. ಎರಡನೇ ಪ್ಯಾರಾ ಹೀಗಿತ್ತು:

“ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ತುಂಬಾ ಇದೆ. ಟ್ಯಾಂಕರ್ ವಾರಕ್ಕೆ ಎರಡು ಸಲ, ರಾತ್ರಿ 10ರ ಮೇಲೆ ಬರುತ್ತದೆ. ಬೆಳಿಗ್ಗೆ 5ಕ್ಕೆ ಕೂಲಿಗೆ ಹೊರಡುವ ಹೆಂಗಸರು ಅಲ್ಲಿಯವರೆಗೆ ಕೊಡ ಇಟ್ಟುಕೊಂಡು ಕಾಯುತ್ತಾರೆ. ಮಲಗಿಬಿಟ್ಟವರಿಗೆ ನೀರು ಸಿಗುವುದಿಲ್ಲ. ಕೆರೆಯಲ್ಲಿ ಹೂಳು ತುಂಬಿದೆ.”

ಮೊದಲ ವಾಕ್ಯಕ್ಕೆ ಗೆರೆ ಎಳೆದು, ‘ಸ್ಪಷ್ಟವಾಗಿಲ್ಲ, ಇನ್ನೂ ಚೆನ್ನಾಗಿ ಬರೆ’ ಅಂತ ಪಕ್ಕದಲ್ಲಿ ಗೀಚಿದೆ. ವಾರದ ನಂತರ ಆ ವಾಕ್ಯ ಹೀಗೆ ತಿರುಗಿ ಬಂತು: “ನಮ್ಮ ಊರಿನಲ್ಲಿ ನೀರಿನ ಸಮಸ್ಯೆಯು ಅತ್ಯಂತ ಭೀಕರವಾಗಿ ಜನರನ್ನು ಕಾಡುತ್ತಿದೆ.” ಚೆನ್ನಾಗಿ ಅಂದರೆ ದೊಡ್ಡ ಪದ ಅಂದುಕೊಂಡಿದ್ದಳು. ಇದೂ ಆಗಲಿಲ್ಲ ಅಂದಾಗ, “ಬೇರೆ ವಿಷಯ ತಗೊಳ್ಳಲಾ ಸರ್?” ಅಂದಳು. ಆ ತರಗತಿಯಲ್ಲೇ ಒಳ್ಳೆಯ ಸುದ್ದಿ ಅದು. ನನ್ನ ನಾಲ್ಕು ಪದಕ್ಕೆ ಅದು ಬಿಟ್ಟುಹೋಗುವುದರಲ್ಲಿತ್ತು.

ಆಮೇಲೆ ನಾನು ಮೊದಲೇ ಮಾಡಬೇಕಿದ್ದದ್ದನ್ನು ಮಾಡಿದೆ. ಮೊದಲ ವಾಕ್ಯವನ್ನು ಬೆರಳಲ್ಲಿ ಮುಚ್ಚಿ ಉಳಿದದ್ದನ್ನು ಓದಿದೆ. ಮೂರು ವಾಕ್ಯಗಳು ಟ್ಯಾಂಕರ್ ಬರುವ ಹೊತ್ತಿನ ಬಗ್ಗೆ ಇವೆ, ಒಂದು ಕೆರೆಯ ಬಗ್ಗೆ. ‘ನೀರಿನ ಸಮಸ್ಯೆ’ ಅನ್ನುವ ಮಾತು ಎಷ್ಟು ಅಗಲ ಅಂದರೆ ಎರಡೂ ಅದರೊಳಗೆ ಸಲೀಸಾಗಿ ಕೂತಿದ್ದವು. ತಪ್ಪು ಇದ್ದದ್ದು ಅಲ್ಲಿ. ಈ ಸಲ ಹೀಗೆ ಬರೆದೆ:

“2, 3, 4ನೇ ವಾಕ್ಯಗಳು ಟ್ಯಾಂಕರ್ ರಾತ್ರಿ ಬರುವುದನ್ನು ಹೇಳುತ್ತವೆ. ಮೊದಲ ವಾಕ್ಯದಲ್ಲಿ ಟ್ಯಾಂಕರೂ ಇಲ್ಲ, ರಾತ್ರಿಯೂ ಇಲ್ಲ. ‘ನೀರಿನ ಸಮಸ್ಯೆ’ ತೆಗೆದು, ಟ್ಯಾಂಕರ್ ಆ ಹೊತ್ತಿಗೆ ಬರುವುದರಿಂದ ಯಾರಿಗೆ ಏನಾಗುತ್ತಿದೆ ಅಂತ ಒಂದೇ ವಾಕ್ಯದಲ್ಲಿ ಹೇಳು. ಹೂಳಿನ ಮಾತನ್ನು ಬೇರೆ ಪ್ಯಾರಾಕ್ಕೆ ಒಯ್ಯಿ.”

ವಾಕ್ಯವನ್ನು ನಾನೇ ಬರೆದುಕೊಡಲಿಲ್ಲ. ಕೊಟ್ಟಿದ್ದರೆ ನಕಲು ಮಾಡಿ ಸುಮ್ಮನಾಗುತ್ತಿದ್ದಳು, ಮುಂದಿನ ಲೇಖನದಲ್ಲಿ ಮತ್ತೆ ಅದೇ ಕಥೆ. ಮರುದಿನ ಅವಳೇ ಬರೆದು ತಂದಳು: “ಟ್ಯಾಂಕರ್ ರಾತ್ರಿ ಬರುವುದರಿಂದ ನಮ್ಮೂರಿನ ಕೂಲಿ ಹೆಂಗಸರು ನೀರು, ನಿದ್ದೆ ಎರಡರಲ್ಲಿ ಒಂದನ್ನು ಬಿಡಬೇಕಾಗಿದೆ.” ಇಷ್ಟು ಚೆನ್ನಾಗಿ ನನಗೆ ಹೊಳೆಯುತ್ತಿರಲಿಲ್ಲ.

ಎಲ್ಲ ಕಡೆ ಇದು ನಡೆಯುವುದಿಲ್ಲ. ಇನ್ನೊಬ್ಬ ಹುಡುಗನ ಪ್ಯಾರಾದಲ್ಲಿ ಮೊದಲ ವಾಕ್ಯ ಮುಚ್ಚಿದರೆ ಕೆಳಗೆ ಏನೂ ಉಳಿಯಲಿಲ್ಲ, ಬರೀ ‘ಸರ್ಕಾರ ಗಮನ ಹರಿಸಬೇಕು’. ಅಂಥಲ್ಲಿ ವಾಕ್ಯ ತಿದ್ದಿ ಪ್ರಯೋಜನವಿಲ್ಲ. ಅವನಿಗೆ ಬರೆದದ್ದು ಇಷ್ಟೇ: “ಪಡಿತರ ಅಂಗಡಿ ಮುಂದೆ ಒಂದು ಬೆಳಿಗ್ಗೆ ನಿಲ್ಲು. ಎಷ್ಟು ಜನ ಬರಿಗೈಲಿ ಹೋದರು, ಯಾಕೆ ಅಂತ ಕೇಳಿ ಬರೆದುಕೊಂಡು ಬಾ. ಮೊದಲ ವಾಕ್ಯ ಆಮೇಲೆ ನೋಡೋಣ.”